ಫೋಟೋ ನೋಡಿ ಸಾಲಿಗ್ರಾಮಕ್ಕೆ ಸರ್ಟಿಫಿಕೇಟ್ ಕೊಡಬೇಡಿ

ಪುತ್ತೂರು, ಸುಳ್ಯ, ಕಡಬ ಕಡೆಯ ಮನೆಗಳಿಂದ ಬಂದು ಇಂಜಿನಿಯರಿಂಗ್ ಓದುವವರಿಗೆ ಇದು ಹೊಸತಲ್ಲ. ಫ್ಯಾಮಿಲಿ ಗ್ರೂಪಿಗೆ ಒಂದು ಕಪ್ಪು ಕಲ್ಲಿನ ಫೋಟೋ ಬರ್ತದೆ. ಕೆಳಗೆ ಒಂದು ಸಾಲು: "ನೀನು ಸೈನ್ಸ್ ಓದಿದವ ಅಲ್ವಾ, ಇದು ಒರಿಜಿನಲ್ಲಾ ನೋಡಿ ಹೇಳು." ಕಲ್ಲು ಅಂದ್ರೆ ಸಾಲಿಗ್ರಾಮ. ಮನೆ ಒಕ್ಕಲಿಗೋ, ಪಾಲಾದ ಮೇಲೆ ಹೊಸ ಮನೆಯ ದೇವರ ಕೋಣೆಗೋ ಒಂದು ಬೇಕು, ಆನ್‌ಲೈನಲ್ಲಿ ಸಿಗ್ತದೆ, ಐದಾರು ಸಾವಿರ ರೂಪಾಯಿ. ನಮ್ಮಲ್ಲಿ ಹೆಚ್ಚಿನವರು ಫೋಟೋವನ್ನು ಎರಡು ಬೆರಳಲ್ಲಿ ಝೂಮ್ ಮಾಡಿ, ಹತ್ತು ಸೆಕೆಂಡಿನಲ್ಲಿ "ಒರಿಜಿನಲ್ ಥರ ಕಾಣ್ತದೆ" ಅಂತ ಬರೆದು ಮುಗಿಸ್ತೇವೆ. ಆ ಒಂದು ಸಾಲಿನ ಮೇಲೆ ಮನೆಯವರು ಹಣ ಕಟ್ತಾರೆ.

ನಮ್ಮ ವಾದ ಇಷ್ಟೇ. ಫೋಟೋ ನೋಡಿ "ಇದು ಎರಕ ಹೊಯ್ದದ್ದು" ಅಂತ ಧೈರ್ಯವಾಗಿ ಹೇಳಬಹುದು. "ಇದು ಅಸಲಿ" ಅಂತ ಮಾತ್ರ ಯಾವ ಫೋಟೋ ನೋಡಿಯೂ ಹೇಳಬಾರದು. ಎರಡೂ ಒಂದೇ ನಾಣ್ಯದ ಎರಡು ಮುಖ ಅಂತ ಕಾಣಬಹುದು, ಆದರೆ ಅಲ್ಲ. ಯಾಕೆ ಅಂತ ವಿವರಿಸ್ತೇವೆ.

ಮೊದಲು ಕಲ್ಲಿನ ವಿಷಯ. ಚಕ್ರ ಇರುವ ಸಾಲಿಗ್ರಾಮ ಅಂದ್ರೆ ಅಮೋನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆ. ಈಗಿನ ಬೊಂಡಾಸಿನ ದೂರದ ನೆಂಟ, ಆದರೆ ಸುರುಳಿ ಚಿಪ್ಪಿನೊಳಗೆ ಬದುಕಿದ್ದು. ಸುಮಾರು 15 ಕೋಟಿ ವರ್ಷದ ಹಿಂದೆ, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ತಳದ ಕೆಸರಿನಲ್ಲಿ ಈ ಚಿಪ್ಪುಗಳು ಹೂತುಹೋದವು. ಚಿಪ್ಪಿನ ಸುತ್ತ ಖನಿಜ ಕಟ್ಟಿಕೊಂಡು ಗಟ್ಟಿ ಉಂಡೆಯಾಯಿತು. ಈಗ ನೇಪಾಳದ ಮುಸ್ತಾಂಗ್ ಕಡೆ, ಮುಕ್ತಿನಾಥದ ಆಸುಪಾಸಿನಲ್ಲಿ, ಆ ಕಪ್ಪು ಪದರಗಲ್ಲು ಸವೆದು ಉಂಡೆಗಳು ಕಾಳಿ ಗಂಡಕಿ ನದಿಗೆ ಬೀಳ್ತವೆ. ನದಿ ಅವನ್ನು ಉರುಳಿಸಿ ನುಣುಪು ಮಾಡ್ತದೆ, ಕೆಲವು ಕಡೆ ಒಡೆದು ಒಳಗಿನ ಸುರುಳಿ ಕಾಣುವ ಹಾಗೆ ಮಾಡ್ತದೆ. ವಜ್ರಕೀಟ ಕೊರೆದ ಚಕ್ರ ಅಂತ ಅಜ್ಜಂದಿರು ಹೇಳುವುದು ಈ ಸುರುಳಿಯನ್ನೇ. ಕೆಲವದರಲ್ಲಿ ಬಂಗಾರದ ಬಣ್ಣ ಹೊಳೆಯುತ್ತದೆ, ಅದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜ.

ಇಲ್ಲಿ ನೆನಪಿಡಬೇಕಾದದ್ದು ಒಂದೇ: ಈ ಕಲ್ಲು ಒಂದೇ ವಸ್ತುವಿನದ್ದಲ್ಲ. ಹೊರಗಿನ ಉಂಡೆ ಒಂದು, ಚಿಪ್ಪಿನ ಜಾಗದಲ್ಲಿ ಕೂತ ಖನಿಜ ಇನ್ನೊಂದು, ಬಿರುಕಿನಲ್ಲಿ ತುಂಬಿದ ಬಿಳಿ ಕ್ಯಾಲ್ಸೈಟ್ ಮತ್ತೊಂದು. ಪ್ರತಿಯೊಂದೂ ಬೇರೆ ಬೇರೆ ಗಟ್ಟಿ, ಬೇರೆ ಬೇರೆ ಹೊಳಪು, ಸವೆಯುವ ರೀತಿಯೂ ಬೇರೆ.

ಎರಕಕ್ಕೆ ಬರುವ. ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ರೆಸಿನ್ ಹೊಯ್ದರೆ ವಿವರಗಳು ಮಸುಕಾಗ್ತವೆ, ಹಾಗಾಗಿ ನಕಲು ಮೊಂಡಾಗಿ ಕಾಣ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ಸರಿಯಲ್ಲ. ಸಿಲಿಕೋನ್ ಬೆರಳಚ್ಚನ್ನೂ ಹಿಡಿಯುತ್ತದೆ. ಇದನ್ನು ನೋಡಲಿಕ್ಕೆಂದೇ ನಾವು ರಜೆಯಲ್ಲಿ ಕುಮಾರಧಾರೆ ಹೊಳೆಯಿಂದ ಒಂದು ಸಾದಾ ಕಲ್ಲು ತಂದು ಅಚ್ಚು ಮಾಡಿದೆವು. ಬೂದು ಬಣ್ಣದ ಕಲ್ಲು, ನಡುವೆ ಬೆಳ್ಳಗಿನ ಸ್ಫಟಿಕದ ಗೆರೆ. ಸ್ಫಟಿಕ ಗಟ್ಟಿಯಾದ ಕಾರಣ ಕಡಿಮೆ ಸವೆದು, ಬೆರಳಿಗೆ ತಾಗುವಷ್ಟು ಎದ್ದು ನಿಂತಿತ್ತು. ಎಪಾಕ್ಸಿಗೆ ಕಪ್ಪು ಬಣ್ಣ ಬೆರೆಸಿ ಹೊಯ್ದು, ಮಾರನೇ ದಿನ ಬಿಡಿಸಿದಾಗ ಆ ಏಣು ಕರಾರುವಾಕ್ಕಾಗಿ ಬಂದಿತ್ತು. ಆದರೆ ಏಣು ಇದ್ದ ಜಾಗದಲ್ಲಿ ಸ್ಫಟಿಕ ಇರಲಿಲ್ಲ. ಏಣಿನ ಮೇಲೂ ಪಕ್ಕದಲ್ಲೂ ಒಂದೇ ಹೊಳಪು.

ಅಚ್ಚು ಉಬ್ಬುತಗ್ಗನ್ನು ಮಾತ್ರ ನಕಲು ಮಾಡ್ತದೆ, ವಸ್ತುವನ್ನಲ್ಲ. ಫೋಟೋದಲ್ಲಿ ಹುಡುಕಬೇಕಾದದ್ದು ಉಬ್ಬುತಗ್ಗು ಒಂದು ಕಥೆ ಹೇಳುವಾಗ ಬಣ್ಣ ಮತ್ತು ಹೊಳಪು ಬೇರೆ ಕಥೆ ಹೇಳುವ ಜಾಗವನ್ನು. ಜೊತೆಗೆ, ಎರಕ ಹೊಯ್ಯುವ ಕೆಲಸವೇ ಬಿಟ್ಟುಹೋಗುವ ಗುರುತುಗಳನ್ನು.

ಈಗ ಒಂದು ನಿಜವಾದ ಲೆಕ್ಕಕ್ಕೆ ಬರುವ. ನಮ್ಮಲ್ಲೊಬ್ಬನ ದೊಡ್ಡಮ್ಮ ಸುಳ್ಯ ತಾಲೂಕಿನವರು, ಆನ್‌ಲೈನಲ್ಲಿ ಒಂದು ಸಾಲಿಗ್ರಾಮ ತರಿಸಿದ್ದರು. ಮಾರಿದವರು ಯಾರು ಅಂತ ಇಲ್ಲಿ ಬೇಡ. ವಾಟ್ಸಾಪಿನಲ್ಲಿ ಬಂದ ಫೋಟೋ 1600 ಪಿಕ್ಸೆಲ್ ಅಗಲ ಇತ್ತು. ಅದರಲ್ಲಿ ಮಣೆ, ಹೂವು, ದೀಪ ಎಲ್ಲ ಇದ್ದು, ಕಲ್ಲು ಹಿಡಿದದ್ದು 520 ಪಿಕ್ಸೆಲ್. ಕಲ್ಲಿನ ಉದ್ದ 65 ಮಿಲಿಮೀಟರ್. ಅಂದ್ರೆ ಒಂದು ಮಿಲಿಮೀಟರಿಗೆ 8 ಪಿಕ್ಸೆಲ್. ರೆಸಿನ್ನಿನ ಗುಳ್ಳೆಯ ಗುರುತು ಸಾಮಾನ್ಯವಾಗಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಇರ್ತದೆ ಅಂತ ಇಟ್ಟುಕೊಂಡರೆ, ಅದಕ್ಕೆ ಸಿಗುವುದು ಎರಡು ಮೂರು ಪಿಕ್ಸೆಲ್. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ಲಿನ ಚೌಕಗಳಾಗಿ ಹಿಂಡುವುದು ನಮಗೆಲ್ಲ ಸಿಲೆಬಸ್ಸಿನಲ್ಲೇ ಉಂಟು. ಗುಳ್ಳೆ ಆ ಹಿಂಡುವಿಕೆಯಲ್ಲೇ ಕರಗಿಹೋಗ್ತದೆ. ಈ ಫೋಟೋದಲ್ಲಿ ಗುಳ್ಳೆ ಕಾಣಲಿಲ್ಲ ಅಂದ್ರೆ ಗುಳ್ಳೆ ಇಲ್ಲ ಅಂತ ಅರ್ಥ ಅಲ್ಲ, ಫೋಟೋ ಅದನ್ನು ತೋರಿಸಲಾರದು ಅಂತ ಅರ್ಥ. ಒರಿಜಿನಲ್ ಥರ ಕಾಣ್ತದೆ ಎಂಬ ಮಾತುಗಳೆಲ್ಲ ಹುಟ್ಟುವುದು ಇಂಥ ಫೋಟೋಗಳಿಂದಲೇ.

ಹಾಗಾಗಿ ಬೇರೆ ಫೋಟೋ ಕೇಳಿದೆವು. ಕಲ್ಲು ಫ್ರೇಮಿನ ಮುಕ್ಕಾಲು ಪಾಲು ತುಂಬಬೇಕು, ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇರಬೇಕು, ಫ್ಲ್ಯಾಶ್ ಹಾಕಬಾರದು. ರಾತ್ರಿ ಕೋಣೆಯ ಲೈಟ್ ಆರಿಸಿ, ಇನ್ನೊಂದು ಫೋನಿನ ಟಾರ್ಚನ್ನು ಕಲ್ಲಿನ ಮಟ್ಟಕ್ಕೇ, ಒಂದು ಬದಿಯಿಂದ ಹಿಡಿಯಬೇಕು. ಸಂಜೆ ಬಿಸಿಲಿಗೆ ಗದ್ದೆಯ ಸಣ್ಣ ಸಣ್ಣ ಹೆಂಟೆಗಳೂ ಉದ್ದ ನೆರಳು ಬಿಡ್ತವಲ್ಲ, ಹಾಗೆ. ಮತ್ತೆ, ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಬೇಕು, ಆಗ ಪೂರ್ತಿ ಸೈಜಿನಲ್ಲೇ ಬರ್ತದೆ. ದೊಡ್ಡಮ್ಮನ ಮಗಳು ತೆಗೆದು ಕಳಿಸಿದ್ದರಲ್ಲಿ ಕಲ್ಲಿಗೆ 3000 ಪಿಕ್ಸೆಲ್ ಸಿಕ್ಕಿತ್ತು, ಮಿಲಿಮೀಟರಿಗೆ ಸುಮಾರು 46. ಆಗ ಮಿಲಿಮೀಟರಿನ ಮೂರನೇ ಒಂದು ಅಂದ್ರೆ 15 ಪಿಕ್ಸೆಲ್. ಈಗ ನೋಡಲಿಕ್ಕೆ ಏನೋ ಉಂಟು.

ಮೊದಲು ಕಂಡದ್ದು ಗುಂಡಗಿನ ಸಣ್ಣ ಕುಳಿಗಳು. ಸುರುಳಿಯ ಏಣುಗಳ ಬುಡದಲ್ಲಿ, ಮೂಲೆ ಮೂಲೆಯಲ್ಲಿ. ರೆಸಿನ್ ಕಲಸುವಾಗ ಸಿಕ್ಕಿಬಿದ್ದ ಗಾಳಿ ಅಚ್ಚಿನ ಗೋಡೆಗೆ ಅಂಟಿ, ಮೂಲೆಗಳಲ್ಲಿ ತಪ್ಪಿಸಿಕೊಳ್ಳಲಾರದೆ ನಿಂತು, ಅರ್ಧಗೋಲದ ಗುಂಡಿ ಬಿಡ್ತದೆ. ಅಂಚು ಚೂಪು, ಒಳಗೆ ನುಣುಪು, ಎಲ್ಲವೂ ಉರುಟು. ಕಲ್ಲಿನಲ್ಲೂ ಗುಂಡಿ ಇರ್ತವೆ, ಆದರೆ ಅವು ಉರುಟಾಗಿರುವುದು ಅಪರೂಪ. ಎಲ್ಲೋ ಒಂದು ಖನಿಜದ ಕಣ ಕಳಚಿ ಬಿದ್ದ ಜಾಗ, ಮೂಲೆಮೂಲೆಯಾಗಿ, ತಳ ಒರಟಾಗಿ ಇರ್ತದೆ. ಪೈರೈಟ್ ಇದ್ದ ಗುಂಡಿಯಾದರೆ ಸುತ್ತ ತುಕ್ಕಿನ ಬಣ್ಣ ಇರಬಹುದು. ಮನೆ ಕಟ್ಟುವ ಮುರಕಲ್ಲಿನ ತೂತುಗಳನ್ನು ನೋಡಿ, ಒಂದರ ಹಾಗೆ ಇನ್ನೊಂದು ಇಲ್ಲ.

ಎರಡನೆಯದು ಸ್ವಲ್ಪ ಜಾಣತನ ಬೇಡುವ ಗುರುತು. ಕೆಲವು ಚುಕ್ಕೆಗಳು ಕುಳಿಯಲ್ಲ, ಸಾಸಿವೆಗಿಂತ ಸಣ್ಣ ಉಬ್ಬುಗಳು. ಫೋಟೋದಲ್ಲಿ ಕುಳಿ ಯಾವುದು ಉಬ್ಬು ಯಾವುದು ಅಂತ ಕಣ್ಣು ಮೋಸ ಹೋಗ್ತದೆ. ಟಾರ್ಚ್ ಎಡದಿಂದ ಇದ್ದರೆ, ಕುಳಿಯ ಎಡ ಅಂಚಿನೊಳಗೆ ನೆರಳು, ಬಲಗಡೆ ಬೆಳಕು. ಉಬ್ಬಿಗೆ ಇದರ ಉಲ್ಟಾ. ಈ ಉಬ್ಬು ಬರುವುದು ರೆಸಿನ್ನಿನ ಗಾಳಿಯಿಂದಲ್ಲ, ಅಚ್ಚು ಮಾಡುವಾಗ ರಬ್ಬರಿನಲ್ಲೇ ಉಳಿದ ಗಾಳಿಯಿಂದ. ಅಚ್ಚಿನ ಮೈಯಲ್ಲಿ ಗುಳ್ಳೆ ಇದ್ದರೆ ರೆಸಿನ್ ಅದರೊಳಗೆ ತುಂಬಿ ಮಣಿಯಾಗ್ತದೆ. ನದಿಯಲ್ಲಿ ಉರುಳಿದ ಕಲ್ಲಿನ ಮೇಲೆ, ಅದೂ ಏಣಿನ ಬದಿಯಲ್ಲಿ, ಉರುಟು ಮಣಿ ಎದ್ದು ನಿಲ್ಲಲಿಕ್ಕೆ ಕಾರಣವೇ ಇಲ್ಲ.

ಈ ಎರಡಕ್ಕೂ ಒಂದು ವ್ಯತ್ಯಾಸ ಉಂಟು, ಅದು ಮುಂದೆ ಕೆಲಸಕ್ಕೆ ಬಂತು. ಕುಳಿಗಳು ಒಂದೊಂದು ಎರಕದಲ್ಲಿ ಒಂದೊಂದು ಕಡೆ ಬರ್ತವೆ, ಯಾಕಂದ್ರೆ ಪ್ರತಿ ಸಲ ಗಾಳಿ ಬೇರೆ ಕಡೆ ಸಿಕ್ಕಿಬೀಳ್ತದೆ. ಮಣಿಗಳು ಅಚ್ಚಿನವು, ಅದೇ ಅಚ್ಚಿನಿಂದ ಬಂದ ಪ್ರತಿಯೊಂದರಲ್ಲೂ ಅದೇ ಜಾಗದಲ್ಲಿ ಇರ್ತವೆ. ಮಾರುವವರ ಪುಟದಲ್ಲಿ ಬೇರೆ ಬೇರೆ ಹೆಸರು, ಬೇರೆ ಬೇರೆ ಬೆಲೆ ಹಾಕಿ ಇನ್ನೆರಡು "ಅಪರೂಪದ" ಸಾಲಿಗ್ರಾಮಗಳಿದ್ದವು. ಒಂದರ ಫೋಟೋವನ್ನು ದೊಡ್ಡಮ್ಮನ ಕಲ್ಲಿನ ಫೋಟೋದ ಮೇಲೆ ಇನ್ನೊಂದು ಲೇಯರ್ ಮಾಡಿ, ಅರ್ಧ ಪಾರದರ್ಶಕ ಮಾಡಿ, ಚಕ್ರದ ನಡುಬಿಂದು ಕೂಡಿಸಿ ತಿರುಗಿಸಿದೆವು. ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿ ಒಂದು ಚಕ್ಕೆ ಎದ್ದ ಗುರುತು, ಮೂರು ಹಲ್ಲಿನ ಹಾಗೆ. ಎರಡರಲ್ಲೂ ಅದೇ. ಅದರ ಪಕ್ಕದ ಮಣಿಯೂ ಅದೇ ಜಾಗದಲ್ಲಿ. ಒಂದೇ ಜಾತಿಯ ಎರಡು ಅಮೋನೈಟ್‌ಗಳ ಸುರುಳಿ ಹೋಲಬಹುದು, ಏಣಿನ ಲೆಕ್ಕವೂ ಹೋಲಬಹುದು. ಆದರೆ ಚಕ್ಕೆ ಎದ್ದದ್ದು ಆಕಸ್ಮಿಕ, ಆಕಸ್ಮಿಕ ಎರಡು ಕಲ್ಲಿನಲ್ಲಿ ಒಂದೇ ಆಕಾರದಲ್ಲಿ ಆಗುವುದಿಲ್ಲ. ನಮ್ಮ ಪ್ರಕಾರ ಫೋಟೋದಿಂದ ಸಿಗುವ ಸಾಕ್ಷಿಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ. ಸಣ್ಣ ಫೋಟೋದಲ್ಲೂ ಇದು ಕೆಲಸ ಮಾಡ್ತದೆ, ಕ್ಯಾಮೆರಾದ ಕೋನ ಹೆಚ್ಚು ಬದಲಾಗಿರಬಾರದು ಅಷ್ಟೇ.

ಮೂರನೆಯದು ಸವೆತದ ದಿಕ್ಕು. ನದಿ ಸವೆಸಿದ ಕಲ್ಲಿನಲ್ಲಿ ಏಣಿನ ತಲೆ ನುಣುಪಾಗಿ, ತಗ್ಗಿನಲ್ಲಿ ವಿವರ ಉಳಿದಿರ್ತದೆ, ಯಾಕಂದ್ರೆ ಉರುಳುವಾಗ ತಾಗುವುದು ತಲೆಗೆ. ದೊಡ್ಡಮ್ಮನ ಕಲ್ಲಿನಲ್ಲಿ ತಗ್ಗುಗಳೇ ಮಸುಕು, ತಲೆ ಚೂಪು. ಕಪ್ಪು ಬಣ್ಣ ಬಳಿದಾಗ ಅದು ಹರಿದು ತಗ್ಗಿನಲ್ಲಿ ನಿಂತು ಒಣಗಿದ್ದು. ಬಿರುಕಿನ ಹಾಗೆ ಕಂಡ ಒಂದು ಬಿಳಿ ಗೆರೆಯೂ ಅಂಚಿಗೆ ಬಂದಲ್ಲಿ ಒಳಗೆ ಇಳಿಯದೆ, ಮೇಲ್ಮೈಯಲ್ಲೇ ನಿಂತುಬಿಟ್ಟಿತ್ತು. ಅಸಲಿ ಕ್ಯಾಲ್ಸೈಟ್ ಗೆರೆ ಕಲ್ಲಿನೊಳಗೆ ಹಾಳೆಯ ಹಾಗೆ ಹೋಗಿರ್ತದೆ, ಒಡೆದ ಅಂಚಿನಲ್ಲಿ ಅದರ ಮುಂದುವರಿಕೆ ಕಾಣಲೇಬೇಕು.

ಇಷ್ಟಾದ ಮೇಲೆ "ಎರಕ" ಅಂತ ಹೇಳಲಿಕ್ಕೆ ನಮಗೆ ಹಿಂಜರಿಕೆ ಇರಲಿಲ್ಲ. ಆದರೂ ದೊಡ್ಡಮ್ಮನಿಗೆ ಪಿಕ್ಸೆಲ್ ಲೆಕ್ಕ ಹೇಳಿ ಒಪ್ಪಿಸುವುದು ಹೇಗೆ? ಅಡಿಗೆಮನೆಯ ಡಿಜಿಟಲ್ ತಕ್ಕಡಿ ಸಾಕಾಯಿತು. ಕಲ್ಲಿನ ತೂಕ 118 ಗ್ರಾಂ. ಮತ್ತೆ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು, ಸೊನ್ನೆ ಮಾಡಿ, ಕಲ್ಲನ್ನು ನೂಲಿಗೆ ಕಟ್ಟಿ ಪೂರ್ತಿ ಮುಳುಗುವ ಹಾಗೆ, ತಳಕ್ಕೆ ತಾಗದ ಹಾಗೆ ಇಳಿಬಿಟ್ಟರೆ, ತಕ್ಕಡಿ ತೋರಿಸುವ ಗ್ರಾಂ ಅಂದ್ರೆ ಕಲ್ಲು ಸರಿಸಿದ ನೀರು, ಅಂದ್ರೆ ಅದರ ಗಾತ್ರ. ತೋರಿಸಿದ್ದು 72. 118ನ್ನು 72ರಿಂದ ಭಾಗಿಸಿದರೆ 1.64. ಇಂಥ ಕಲ್ಲಿಗೆ 2.6ರ ಮೇಲೆ ಇರಬೇಕು, ಆ ಗಾತ್ರದ್ದು ಸುಮಾರು 190 ಗ್ರಾಂ ತೂಗಬೇಕಿತ್ತು. ಬರೀ ರೆಸಿನ್ ಆದರೆ 1.1, 1.2ರ ಹತ್ತಿರ ಇರ್ತದೆ, ಇದಕ್ಕೆ ಕಲ್ಲಿನ ಪುಡಿ ಬೆರೆಸಿದ್ದಾರೆ. ನೀರಿಗೆ ಇಳಿಸಿದರೆ ಅಪಚಾರವಾಗ್ತದಾ ಅಂತ ನಾವು ಕೇಳಿದ್ದಕ್ಕೆ ದೊಡ್ಡಮ್ಮ, "ದಿನಾ ಅಭಿಷೇಕ ಮಾಡುವುದು ಮತ್ತೆ ಎಂತದರಲ್ಲಿ ಮಾರಾಯ?" ಅಂತ ಅವರೇ ನೂಲು ಕಟ್ಟಿದರು. ಬಿಸಿ ಸೂಜಿ ಚುಚ್ಚುವುದು, ಗೀರುವುದು, ಸುಡುವುದು ಎಲ್ಲ ಯೂಟ್ಯೂಬಿನಲ್ಲಿ ಉಂಟು. ಅಸಲಿಯನ್ನೂ ಹಾಳು ಮಾಡುವ ಪರೀಕ್ಷೆ ಪರೀಕ್ಷೆ ಅಲ್ಲ. ಅಕ್ಕಿಯಲ್ಲಿ ಹೂತಿಟ್ಟು ಬೆಳಿಗ್ಗೆ ತೂಕ ನೋಡುವುದರ ಬಗ್ಗೆ ನಾವು ಏನೂ ಹೇಳುವುದಿಲ್ಲ.

ಈಗ ನಮ್ಮ ವಾದದ ಎರಡನೇ ಅರ್ಧ: ಈ ಗುರುತು ಒಂದೂ ಇಲ್ಲದಿದ್ದರೆ ಅಸಲಿ ಅಂತ ಯಾಕೆ ಹೇಳಬಾರದು?

ಒಂದು, ಒಳ್ಳೆಯ ಎರಕದವರು ರೆಸಿನ್ನಿನ ಗಾಳಿಯನ್ನು ವ್ಯಾಕ್ಯೂಮಿನಲ್ಲಿ ಎಳೆದು ತೆಗೀತಾರೆ, ಅಥವಾ ಒತ್ತಡದ ಪಾತ್ರೆಯಲ್ಲಿಟ್ಟು ಗುಳ್ಳೆಯನ್ನು ಕಾಣದಷ್ಟು ಸಣ್ಣ ಮಾಡ್ತಾರೆ. ಮೆಕ್ಯಾನಿಕಲ್ ಲ್ಯಾಬಿನಲ್ಲಿ ನಾವೇ ಮಾಡಬಹುದಾದ ಕೆಲಸ. ಲೋಹದ ಪುಡಿ ಬೆರೆಸಿ ತೂಕವನ್ನೂ ಹೊಂದಿಸಬಹುದು. ಎರಡು, ಎಲ್ಲಾ ನಕಲಿಯೂ ರೆಸಿನ್ ಅಲ್ಲ. ಬೇರೆ ಯಾವುದೋ ಕಪ್ಪು ಕಲ್ಲಿನಲ್ಲಿ ಚಕ್ರ ಕೆತ್ತಿದರೆ ಅದು ಕಲ್ಲೇ, ಗುಳ್ಳೆ ಎಲ್ಲಿಂದ ಬರಬೇಕು? ತೂಕವೂ ಸರಿಯಾಗಿಯೇ ಇರ್ತದೆ. ಅಲ್ಲಿ ಹುಡುಕಬೇಕಾದದ್ದು ಬೇರೆ: ಉದ್ದಕ್ಕೂ ಒಂದೇ ಅಗಲದ ತೋಡು, ಅದರೊಳಗೆ ಸಮಾನಾಂತರ ಗೀರುಗಳು. ಅಮೋನೈಟ್ ಬೆಳೆದ ಹಾಗೆ ಸುರುಳಿಯೂ ಏಣೂ ಅಗಲವಾಗ್ತಾ ಹೋಗಬೇಕು, ಕೆತ್ತುವವರು ಇದನ್ನು ಹೆಚ್ಚಾಗಿ ಮರೀತಾರೆ. ಮೂರು, ಅಸಲಿ ಉಂಡೆಗೆ ಎರಕದ ಚಕ್ರ ಅಂಟಿಸಿದ್ದೂ ಇರ್ತದೆ. ಫೋಟೋದಲ್ಲಿ ನಾವು ನೋಡುವುದು ಮೇಲ್ಮೈಯ ಒಂದು ಪಾಲು ಮಾತ್ರ. ತಪ್ಪು ಸಿಕ್ಕಿದರೆ ಅಲ್ಲಿಗೆ ಮುಗೀತು. ಸಿಗದಿದ್ದರೆ ನಮಗೆ ಸಿಗಲಿಲ್ಲ ಅಂತ ಮಾತ್ರ.

ಇದರ ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು, ಅದಕ್ಕೇ ಇದನ್ನು ಬರೆಯುವ ಅಂತ ಹೊರಟದ್ದು. ದೊಡ್ಡಮ್ಮನ ವಿಷಯ ಗೊತ್ತಾದ ಮೇಲೆ ನಮ್ಮ ಗೆಳೆಯರು ಕೆಲವರು ತಮ್ಮ ತಮ್ಮ ಮನೆಯ ಹಳೇ ಸಾಲಿಗ್ರಾಮದ ಫೋಟೋ ಕಳಿಸಿದರು. ಒಬ್ಬಳು ಕಡಬದವಳು, ಅಜ್ಜನ ಅಪ್ಪನ ಕಾಲದಿಂದ ಪೂಜೆಯಲ್ಲಿರುವ ಕಲ್ಲು. "ಪ್ಲಾಸ್ಟಿಕ್ ಥರ ಮಿಂಚ್ತದೆ, ಏಣು ಎಲ್ಲಾ ಮೊಂಡು, ಇದೂ ಡೂಪ್ಲಿಕೇಟಾ?" ಹಾಲು, ತುಪ್ಪ, ಜೇನು, ಗಂಧ, ಮತ್ತೆ ಬಟ್ಟೆಯಲ್ಲಿ ಒರೆಸುವುದು, ನೂರು ವರ್ಷ ದಿನಾ ಇದಾದರೆ ಯಾವ ಕಲ್ಲಿನ ಮೇಲೂ ಜಿಡ್ಡಿನ ಪದರ ಕೂರ್ತದೆ. ಅದು ಕಣಗಳ ನಡುವಿನ ಸಂದು ತುಂಬಿ, ಎಲ್ಲಾ ಖನಿಜಕ್ಕೂ ಒಂದೇ ಹೊಳಪು ಕೊಡ್ತದೆ. ಎರಕಕ್ಕೆ ನಾವು ಹೇಳಿದ ಗುರುತೇ ಅದು! ಗಂಧ ತಗ್ಗಿನಲ್ಲಿ ಗಟ್ಟಿಯಾಗಿ ಕೂತು ಬಣ್ಣ ನಿಂತ ಹಾಗೂ ಕಾಣ್ತದೆ. ಹೊಳಪು ಮತ್ತು ತಗ್ಗಿನ ಮಸುಕು ಇವೆರಡನ್ನೇ ನಂಬಿ ತೀರ್ಪು ಕೊಟ್ಟರೆ ಊರಿನ ಅರ್ಧ ದೇವರ ಪೆಟ್ಟಿಗೆಗಳು ನಕಲಿ ಆಗ್ತವೆ. ಉರುಟು ಕುಳಿ, ಮಣಿ, ಅಚ್ಚಿನ ಎರಡು ಭಾಗ ಕೂಡಿದ ಗೆರೆ, ಬೇರೆ ಕಲ್ಲಿನಲ್ಲಿ ಮರುಕಳಿಸಿದ ಚಕ್ಕೆ, ಇವು ಜಿಡ್ಡಿನಿಂದ ಹುಟ್ಟುವುದಿಲ್ಲ. ಇವುಗಳಲ್ಲಿ ಒಂದೂ ಕಾಣದಿದ್ದರೆ ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು. ಅವಳ ಕಲ್ಲಿನಲ್ಲಿ ಕಾಣಲಿಲ್ಲ. "ಅಸಲಿ" ಅಂತ ನಾವು ಅವಳಿಗೂ ಹೇಳಲಿಲ್ಲ, ಎರಕದ ಗುರುತು ಇಲ್ಲ ಅಂತ ಮಾತ್ರ ಹೇಳಿದೆವು. ಮುಂದೆ ತಿಳಿಯಬೇಕಿದ್ದರೆ ಕಲ್ಲನ್ನು ಕೈಯಲ್ಲಿ ಹಿಡಿದು ನೋಡುವ ಭೂವಿಜ್ಞಾನದವರು ಬೇಕು.

ಎರಕದ ಮೇಲೆ ನಮಗೆ ಸಿಟ್ಟಿಲ್ಲ. ಮ್ಯೂಸಿಯಮ್ಮುಗಳು ಪಳೆಯುಳಿಕೆಗಳ ಎರಕವನ್ನು ಎದುರಿಗಿಟ್ಟು, ಅಸಲಿಯನ್ನು ಒಳಗೆ ಜೋಪಾನ ಮಾಡ್ತವೆ, ಕೆಳಗೆ ಎರಕ ಅಂತ ಬರೆದಿರ್ತದೆ. ಆ ಒಂದು ಪದ ಬರೆದು 300 ರೂಪಾಯಿಗೆ ಮಾರಿದ್ದರೆ ಯಾರಿಗೂ ತಕರಾರಿರಲಿಲ್ಲ. ದೊಡ್ಡಮ್ಮನಿಗೆ ಕಲ್ಲಿನ ಜೊತೆ ಲ್ಯಾಮಿನೇಟ್ ಮಾಡಿದ ಒಂದು ಸರ್ಟಿಫಿಕೇಟೂ ಬಂದಿತ್ತು. ಅದರಲ್ಲಿ ಕಲ್ಲಿನ ಫೋಟೋ ಇತ್ತು, ತೂಕ ಇರಲಿಲ್ಲ, ಸಾಂದ್ರತೆ ಇರಲಿಲ್ಲ, ಪರೀಕ್ಷಿಸಿದವರ ಹೆಸರೂ ಇರಲಿಲ್ಲ. ಫೋಟೋವನ್ನು ಇನ್ನೊಂದು ಫೋಟೋದಿಂದ ದೃಢಪಡಿಸುವ ಇಂಥ ಕಾಗದಕ್ಕೆ ನಾವು ಬೆಲೆ ಕೊಡುವುದಿಲ್ಲ. ಹಣ ಕಟ್ಟುವ ಮೊದಲು ಮಾರುವವರ ಹತ್ತಿರ ತೂಕವನ್ನೂ, ನೀರಿನಲ್ಲಿ ಅಳೆದ ಗಾತ್ರವನ್ನೂ, ಬದಿಯ ಬೆಳಕಿನಲ್ಲಿ ತೆಗೆದ ನಾಲ್ಕು ಕಡೆಯ ಫೋಟೋವನ್ನೂ ಕೇಳಿ ಅಂತ ಮನೆಯವರಿಗೆ ಹೇಳಬಹುದು. ದೊಡ್ಡಮ್ಮ ಇವನ್ನು ಕೇಳಿದ ದಿನವೇ ಆ ಕಡೆಯಿಂದ ಉತ್ತರ ಬರುವುದು ನಿಂತಿತು.

ನಿಮ್ಮ ಮನೆಯಿಂದಲೂ ಫೋಟೋ ಬಂದರೆ ನಮಗೆ ಕಳಿಸಿ, ಒಟ್ಟಿಗೆ ನೋಡುವ. ಪಕ್ಕದಲ್ಲಿ ಸ್ಕೇಲ್ ಇರಲಿ, ಡಾಕ್ಯುಮೆಂಟ್ ಆಗಿ ಬರಲಿ, ಹೂವು ದೀಪ ಬೇಡ.